ವಾರ್ಫರಿನ್ ಅಥವಾ ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದೀರಾ? ಆಂಟಿಬಯಾಟಿಕ್ ಶುರುಮಾಡುವ ಮೊದಲು ಇದನ್ನು ಓದಿ

ಹದಿನೈದು ವರ್ಷದಿಂದ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತಿದ್ದೇನೆ. ಆಂಟಿಬಯಾಟಿಕ್ ಕೊಡುವಾಗ ಹೆಣ್ಣುಮಕ್ಕಳು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಮಾಲಾ-ಡಿ ತಗೊಳ್ತಿದ್ದೀನಿ, ಇದು ತಗೊಂಡ್ರೆ ಅದು ಕೆಲಸ ಮಾಡಲ್ವಂತೆ, ಹೌದಾ?" ಆದರೆ ಹೃದಯದ ವಾಲ್ವ್ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ವಾರ್ಫರಿನ್ ನುಂಗುವವರು ಏನೂ ಕೇಳುವುದಿಲ್ಲ. ಮಾತ್ರೆ ಕಟ್ಟಿಸಿಕೊಂಡು ಹೋಗಿಬಿಡುತ್ತಾರೆ. ನಿಜಕ್ಕೂ ಹೆದರಬೇಕಾದವರು ಈ ಎರಡನೆಯವರು. ಮೊದಲನೆಯವರ ಭಯ ಬಹುಪಾಲು ಸುಮ್ನೆ, ಒಂದು ಔಷಧಿಯನ್ನು ಬಿಟ್ಟರೆ. ಆ ಒಂದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ.

ನಮ್ಮ ಸೋದರಮಾವನಿಗೆ 63 ವರ್ಷ. ಮೈಟ್ರಲ್ ವಾಲ್ವ್ ಬದಲಾಯಿಸಿ ಲೋಹದ ವಾಲ್ವ್ ಹಾಕಿದ್ದಾರೆ. ರಾತ್ರಿ 4 ಮಿಲಿಗ್ರಾಂ ವಾರ್ಫರಿನ್, ವರ್ಷಗಳಿಂದ ಅದೇ ಡೋಸ್. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಸಂಖ್ಯೆ ಐಎನ್‌ಆರ್, ಅಂಥ ವಾಲ್ವ್ ಇದ್ದವರಿಗೆ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು, ಮಾವನದು 3.0 ಇತ್ತು. ಒಂದು ಶುಕ್ರವಾರ ಸಂಜೆ ಭೇದಿ, ಸ್ವಲ್ಪ ಜ್ವರ. "ಏನಾದ್ರೂ ಕೊಡೋ" ಅಂದರು. ಭೇದಿಗೆ ಎಲ್ಲರೂ ತಗೊಳ್ಳುವ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಒಂದು ಸ್ಟ್ರಿಪ್ ಕೊಟ್ಟೆ. ಚೀಟಿ ಇಲ್ಲದೆ ಕೊಡಬಾರದಿತ್ತು, ಅದೂ ಮಾವನಿಗೆ. ಮನೆಯವರು ಅನ್ನುವ ಸಲುಗೆ, ಅಷ್ಟೇ.

ಸೋಮವಾರ ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ತುಂಬಾ ರಕ್ತ. ತರಕಾರಿ ಚೀಲ ನೇತುಹಾಕಿಕೊಂಡಿದ್ದ ಮುಂಗೈ ಮೇಲೆ ಐದು ರೂಪಾಯಿ ನಾಣ್ಯದಷ್ಟು ದೊಡ್ಡ ನೀಲಿ ಕಲೆ. ಅತ್ತೆ ಫೋನ್ ಮಾಡಿದ ತಕ್ಷಣ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಐಎನ್‌ಆರ್ ಮಾಡಿಸಿದರೆ 5.4. ಮುಂದೆ ಏನಾಯಿತು ಅಂತ ಕೆಳಗೆ ಹೇಳುತ್ತೇನೆ, ಅದರಲ್ಲಿ ಕಲಿಯುವುದು ಇದೆ.

ಯಾಕೆ ಹೀಗಾಗುತ್ತದೆ

ವಾರ್ಫರಿನ್ ರಕ್ತವನ್ನು ತೆಳು ಮಾಡುತ್ತದೆ ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ನಿಜವಾಗಿ ಅದು ಮಾಡುವುದು, ವಿಟಮಿನ್ ಕೆ ಬಳಸಿ ಲಿವರ್ ತಯಾರಿಸುವ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ ಅಡ್ಡಗಾಲು ಹಾಕುವುದು. ಇಲಿ ಪಾಷಾಣವಾಗಿ 1948ರಲ್ಲಿ ಮಾರುಕಟ್ಟೆಗೆ ಬಂದ ವಸ್ತು ಇದು, 1954ರಲ್ಲಿ ಮನುಷ್ಯರಿಗೂ ಔಷಧಿಯಾಯಿತು. ಸರಿಯಾದ ಅಳತೆಯಲ್ಲಿ ಜೀವ ಉಳಿಸುತ್ತದೆ, ಅಳತೆ ತಪ್ಪಿದರೆ ಇಲಿಗೆ ಆದದ್ದೇ ನಮಗೂ. ಆ ಅಳತೆಯನ್ನು ನೋಡುವ ಸಂಖ್ಯೆಯೇ ಐಎನ್‌ಆರ್.

ಆಂಟಿಬಯಾಟಿಕ್ ಈ ಅಳತೆಯನ್ನು ಮೂರು ಕಡೆಯಿಂದ ಕೆಡಿಸುತ್ತದೆ. ಮೊದಲನೆಯದು ಲಿವರ್. ವಾರ್ಫರಿನ್ ಅನ್ನು ಒಡೆದು ಹೊರಹಾಕುವ ಕಿಣ್ವವನ್ನು ಕೆಲವು ಔಷಧಿಗಳು ಕಟ್ಟಿಹಾಕುತ್ತವೆ, ಆಗ ನೀವು ನುಂಗಿದ್ದು 4 ಮಿಲಿಗ್ರಾಂ ಆದರೂ ಒಳಗೆ 6 ಅಥವಾ 7 ನುಂಗಿದಷ್ಟು ಕೆಲಸ ನಡೆಯುತ್ತದೆ. ಎರಡನೆಯದು ಕರುಳು. ಅಲ್ಲಿರುವ ಬ್ಯಾಕ್ಟೀರಿಯಾ ಒಂದಿಷ್ಟು ವಿಟಮಿನ್ ಕೆ ತಯಾರಿಸುತ್ತವೆ, ಆಂಟಿಬಯಾಟಿಕ್ ಅವನ್ನೂ ಸಾಯಿಸುತ್ತದೆ. ಮೂರನೆಯದು ಕಾಯಿಲೆಯೇ. ಜ್ವರ ಬಂದಾಗ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಬೇಗ ಖರ್ಚಾಗುತ್ತವೆ, ಊಟವೂ ಸೇರುವುದಿಲ್ಲ. ದಿನಾ ಬಸ್ಸಾರು, ಪಲ್ಯ ಅಂತ ಸೊಪ್ಪು ತಿನ್ನುತ್ತಿದ್ದವರು ಮೂರು ದಿನ ಬರೀ ಗಂಜಿ ಕುಡಿದರೆ ವಿಟಮಿನ್ ಕೆ ಎಲ್ಲಿಂದ ಬರಬೇಕು?

ಈ ಮೂರನೆಯ ಕಾರಣ ನೆನಪಿಡಿ. "ಇದು ಮೈಲ್ಡ್ ಆಂಟಿಬಯಾಟಿಕ್, ಏನೂ ಆಗಲ್ಲ" ಅಂತ ಯಾರಾದರೂ ಹೇಳಿದರೂ ರಕ್ತ ಪರೀಕ್ಷೆ ಬಿಡಬಾರದು ಅನ್ನುವುದು ಇದಕ್ಕೇ.

ಹೆಜ್ಜೆ 1: ಮೊದಲ ಮಾತ್ರೆಗೂ ಮುಂಚೆ

ಡಾಕ್ಟರ್ ಹತ್ತಿರ ಕೂತ ಕೂಡಲೇ, ರೋಗದ ಕಥೆಗೂ ಮೊದಲು, "ನಾನು ವಾರ್ಫರಿನ್‌ನಲ್ಲಿ ಇದ್ದೀನಿ" ಅನ್ನಿ. ಹಲ್ಲಿನ ಡಾಕ್ಟರ್ ಆಗಲಿ, ಚರ್ಮದ ಡಾಕ್ಟರ್ ಆಗಲಿ, ಎಲ್ಲರಿಗೂ. ಅಸಿಟ್ರಾಮ್ ಅನ್ನುವ ಹೆಸರಿನಲ್ಲಿ ಸಿಗುವ ಅಸೆನೋಕೌಮರಾಲ್ ತಗೊಳ್ಳುವವರು "ನನ್ನದು ವಾರ್ಫರಿನ್ ಅಲ್ಲ" ಅಂತ ಸುಮ್ಮನಾಗಬೇಡಿ. ಅದೂ ಇದೇ ಕುಲದ್ದು, ಈ ಲೇಖನದಲ್ಲಿ ಹೇಳಿದ್ದೆಲ್ಲ ಅದಕ್ಕೂ ಸೇರುತ್ತದೆ.

ಆಮೇಲೆ ಯಾವ ಆಂಟಿಬಯಾಟಿಕ್ ಅಂತ ಕೇಳಿ. ಜಾಸ್ತಿ ತೊಂದರೆ ಕೊಡುವ ಹೆಸರುಗಳು ಕೆಲವೇ. ಮೆಟ್ರೋನಿಡಜೋಲ್ ಮತ್ತು ಅದರ ಅಣ್ಣತಮ್ಮಂದಿರಾದ ಟಿನಿಡಜೋಲ್, ಆರ್ನಿಡಜೋಲ್ ಒಂದು ಗುಂಪು. ಕೋಟ್ರೈಮಾಕ್ಸಜೋಲ್ ಇನ್ನೊಂದು. ಫ್ಲುಕೊನಜೋಲ್ ಆಂಟಿಬಯಾಟಿಕ್ ಅಲ್ಲ, ಫಂಗಸ್ ಮಾತ್ರೆ, ಆದರೆ ಆಂಟಿಬಯಾಟಿಕ್ ಜೊತೆಗೇ ಚೀಟಿಯಲ್ಲಿ ಬರುವುದರಿಂದ ಇಲ್ಲೇ ಹೇಳುತ್ತಿದ್ದೇನೆ, ಅದೂ ಜೋರಾದದ್ದೇ. ಸಿಪ್ರೋಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಕ್ಲಾರಿಥ್ರೊಮೈಸಿನ್ ನಡುವಿನ ಸಾಲಿನಲ್ಲಿ ಬರುತ್ತವೆ. ಅಮಾಕ್ಸಿಸಿಲಿನ್, ಸೆಫಾಲೆಕ್ಸಿನ್, ಉರಿಮೂತ್ರಕ್ಕೆ ಕೊಡುವ ನೈಟ್ರೊಫುರಾಂಟಾಯಿನ್ ಇವು ಸಾಮಾನ್ಯವಾಗಿ ಸೌಮ್ಯ.

ಭೇದಿಗೆ ನಮ್ಮಲ್ಲಿ ಮಾರಾಟವಾಗುವ ಜೋಡಿ ಮಾತ್ರೆಗಳನ್ನು ನೋಡಿ. ಸ್ಟ್ರಿಪ್ ಮೇಲೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು ಇರುತ್ತದೆ, ಒಳಗೆ ಏನಿದೆ ಅಂತ ಕೆಳಗೆ ಸಣ್ಣ ಅಕ್ಷರ. ಆಫ್ಲಾಕ್ಸಾಸಿನ್ ಜೊತೆ ಆರ್ನಿಡಜೋಲ್, ನಾರ್ಫ್ಲಾಕ್ಸಾಸಿನ್ ಜೊತೆ ಟಿನಿಡಜೋಲ್. ಅಂದರೆ ಒಂದೇ ಮಾತ್ರೆಯಲ್ಲಿ ಐಎನ್‌ಆರ್ ಏರಿಸುವ ಎರಡು ಔಷಧಿ. ಮಾವನಿಗೆ ನಾನು ಕೊಟ್ಟದ್ದು ಇದನ್ನೇ. ಮಜಾ ಅಂದರೆ ದೊಡ್ಡವರಿಗೆ ಬರುವ ಸಾಮಾನ್ಯ ನೀರುಭೇದಿಗೆ ಬಹಳ ಸಲ ಆಂಟಿಬಯಾಟಿಕ್ಕೇ ಬೇಕಾಗುವುದಿಲ್ಲ, ಓಆರ್‌ಎಸ್ ಸಾಕು. ಹಾಗಾಗಿ "ಇದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕಾ, ಬೇಕಾದರೆ ಸೌಮ್ಯವಾದದ್ದು ನಡೆಯುತ್ತದಾ" ಅಂತ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಕೆಲವು ಸೋಂಕಿಗೆ ಮೆಟ್ರೋನಿಡಜೋಲ್ ಅಥವಾ ಕೋಟ್ರೈಮಾಕ್ಸಜೋಲ್ ಬಿಟ್ಟರೆ ಗತಿಯಿಲ್ಲ. ಆಗ ಡಾಕ್ಟರ್ ಮೊದಲ ದಿನದಿಂದಲೇ ವಾರ್ಫರಿನ್ ಅನ್ನು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡಬಹುದು. ಇದು ಅವರು ಮಾಡುವ ಲೆಕ್ಕ. ನೀವಾಗಿ ಕಡಿಮೆ ಮಾಡಬೇಡಿ, ನಿಲ್ಲಿಸಲಂತೂ ಬೇಡಿ. ಲೋಹದ ವಾಲ್ವ್ ಇದ್ದವರಿಗೆ ವಾರ್ಫರಿನ್ ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು.

ಹೆಜ್ಜೆ 2: ಐಎನ್‌ಆರ್ ಯಾವಾಗ ಮಾಡಿಸಬೇಕು

ಎಲ್ಲರೂ ಎಡವುವುದು ಇಲ್ಲಿ. ಕೆಲವರು ಮಾರನೇ ದಿನವೇ ಮಾಡಿಸಿ "ನಾರ್ಮಲ್ ಇದೆ" ಅಂತ ನಿಶ್ಚಿಂತೆಯಾಗುತ್ತಾರೆ. ಕೆಲವರು ಕೋರ್ಸ್ ಎಲ್ಲ ಮುಗಿದ ಮೇಲೆ, ತಿಂಗಳ ಮಾಮೂಲಿ ತಾರೀಖಿಗೆ ಹೋಗುತ್ತಾರೆ. ಎರಡೂ ತಪ್ಪು.

ಲಿವರ್ ಹೊಸ ಪ್ರೋಟೀನ್ ಮಾಡುವುದನ್ನು ಕಡಿಮೆ ಮಾಡಿದರೂ ರಕ್ತದಲ್ಲಿ ಹಳೇ ದಾಸ್ತಾನು ಇರುತ್ತದೆ, ಅದು ಕರಗಲು ಸಮಯ ಬೇಕು. ಅದರಲ್ಲಿ ಮುಖ್ಯವಾದ ಒಂದು ಅರ್ಧಕ್ಕೆ ಇಳಿಯಲು ಸುಮಾರು ಎರಡೂವರೆ ದಿನ ಹಿಡಿಯುತ್ತದೆ. ಹಾಗಾಗಿ ಏರುಪೇರು ಕಾಣುವುದು ಸಾಮಾನ್ಯವಾಗಿ ಮೂರನೇ ದಿನದಿಂದ, ಜೋರಾಗುವುದು ವಾರದ ಹೊತ್ತಿಗೆ.

ಏಳು ದಿನದ ಕೋರ್ಸ್ ಅಂದುಕೊಳ್ಳಿ. ಕೊನೆಯ ಐಎನ್‌ಆರ್ ಮಾಡಿಸಿ ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ ಶುರುಮಾಡುವ ದಿನ ಒಂದು ಮಾಡಿಸಿ, ಎಲ್ಲಿಂದ ಹೊರಟೆವು ಅಂತ ಗೊತ್ತಿರಬೇಕಲ್ಲ. ಆಮೇಲೆ ಮೂರರಿಂದ ಐದನೇ ದಿನದ ಒಳಗೆ ಒಂದು. ಜೋರಾದ ಗುಂಪಿನ ಔಷಧಿಯಾದರೆ ಮೂರನೇ ದಿನವೇ, ಸೌಮ್ಯವಾದದ್ದಾದರೆ ಐದನೇ ದಿನ ನಡೆಯುತ್ತದೆ. ಕೋರ್ಸ್ ಮುಗಿಯುವ ದಿನದ ಆಸುಪಾಸಿನಲ್ಲಿ ಮತ್ತೊಂದು. ಕೊನೆಯದು ಕೋರ್ಸ್ ಮುಗಿದು ಒಂದು ವಾರಕ್ಕೆ, ಇದನ್ನೇ ಜನ ಮರೆಯುವುದು. ಆಂಟಿಬಯಾಟಿಕ್ ನಿಂತ ಮೇಲೆ ಲಿವರ್ ಮತ್ತೆ ಹಳೇ ವೇಗಕ್ಕೆ ಬರುತ್ತದೆ. ನಡುವೆ ವಾರ್ಫರಿನ್ ಕಡಿಮೆ ಮಾಡಿದ್ದರೆ ಅದೇ ಕಡಿಮೆ ಡೋಸ್ ಮುಂದುವರಿದು ಐಎನ್‌ಆರ್ ಕುಸಿಯುತ್ತದೆ. ರಕ್ತಸ್ರಾವವಾದರೆ ಕಣ್ಣಿಗೆ ಕಾಣುತ್ತದೆ, ವಾಲ್ವ್ ಮೇಲೆ ಕೂತ ಹೆಪ್ಪು ಕಾಣುವುದಿಲ್ಲ.

ಸಾಧ್ಯವಾದರೆ ಎಲ್ಲಾ ಪರೀಕ್ಷೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ನೀಲಿ ಮುಚ್ಚಳದ ಟ್ಯೂಬ್‌ಗೆ ಗುರುತಿನ ಗೆರೆವರೆಗೆ ರಕ್ತ ತುಂಬಬೇಕು, ಅರ್ಧ ತುಂಬಿದರೆ ಸಂಖ್ಯೆ ಸುಳ್ಳಾಗಿ ಜಾಸ್ತಿ ಬರುತ್ತದೆ. ಸೂಜಿ ಚುಚ್ಚುವಾಗ ಒಂದು ಕಣ್ಣು ಅಲ್ಲಿರಲಿ.

ಈಗ ಮಾವನ ಕಥೆ. ಸೋಮವಾರ 5.4 ಬಂತು. ಡಾಕ್ಟರ್ ಮೈಯೆಲ್ಲ ನೋಡಿದರು, ವಸಡು ಮತ್ತು ಆ ಕಲೆ ಬಿಟ್ಟು ಬೇರೆಲ್ಲೂ ರಕ್ತಸ್ರಾವ ಇರಲಿಲ್ಲ. ಭೇದಿ ನಿಂತಿದ್ದರಿಂದ ಆ ಮಾತ್ರೆ ಬಿಡಿಸಿದರು. ವಾರ್ಫರಿನ್ ಎರಡು ರಾತ್ರಿ ಬೇಡ ಅಂದರು. ನಾನು ದೊಡ್ಡ ಬುದ್ಧಿವಂತನ ಹಾಗೆ "ವಿಟಮಿನ್ ಕೆ ಇಂಜೆಕ್ಷನ್ ಕೊಡಲ್ವಾ ಸರ್" ಅಂದೆ. ಅವರು ಬೇಡ ಅಂದದ್ದಕ್ಕೆ ಕಾರಣ ಇತ್ತು. ದೊಡ್ಡ ರಕ್ತಸ್ರಾವ ಇಲ್ಲದೆ ಈ ಮಟ್ಟದ ಐಎನ್‌ಆರ್‌ಗೆ ಅದನ್ನು ಕೊಟ್ಟರೆ ತಕ್ಕಡಿ ಆ ಕಡೆ ಪೂರ್ತಿ ವಾಲಿಬಿಡುತ್ತದೆ, ಆಮೇಲೆ ಎಷ್ಟೋ ದಿನ ವಾರ್ಫರಿನ್ ಹಿಡಿಯುವುದೇ ಇಲ್ಲ, ಅಷ್ಟರಲ್ಲಿ ವಾಲ್ವ್ ಅಪಾಯಕ್ಕೆ ಬೀಳುತ್ತದೆ. ಬುಧವಾರ 3.9. ಅವತ್ತು ರಾತ್ರಿಯಿಂದ 3 ಮಿಲಿಗ್ರಾಂ. ಶನಿವಾರ 3.1. ಅಲ್ಲಿಗೆ ಬಿಟ್ಟಿದ್ದರೆ ತಪ್ಪಾಗುತ್ತಿತ್ತು. ಮುಂದಿನ ಬುಧವಾರ 2.5ಕ್ಕೆ ಇಳಿದಿತ್ತು, ಇನ್ನೂ ಇಳಿಯುವ ದಾರಿಯಲ್ಲಿತ್ತು. ಮತ್ತೆ 4 ಮಿಲಿಗ್ರಾಂ ಮಾಡಿದರು, ವಾರದ ನಂತರ 2.9. ಮೂರು ದಿನ ನುಂಗಿದ ಮಾತ್ರೆ ಸರಿಹೋಗಲು ಎರಡು ವಾರ ಮೇಲೆ ಹಿಡಿಯಿತು.

ಹೆಜ್ಜೆ 3: ಮನೆಯಲ್ಲಿ ಏನು ಗಮನಿಸಬೇಕು

ವಸಡಿನಲ್ಲಿ ರಕ್ತ, ಏಟು ಬೀಳದೆಯೂ ನೀಲಿ ಕಲೆ, ಮುಟ್ಟಿನಲ್ಲಿ ಯಾವತ್ತಿಗಿಂತ ಜಾಸ್ತಿ ಸ್ರಾವ, ಇವು ಕಂಡರೆ ಅವತ್ತೇ ಐಎನ್‌ಆರ್. ಮಲ ಟಾರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಇದ್ದಕ್ಕಿದ್ದಂತೆ ಹಿಂದೆಂದೂ ಬಾರದ ತಲೆನೋವು ಬಂದರೆ, ತಲೆಗೆ ಏಟು ಬಿದ್ದರೆ ಲ್ಯಾಬ್‌ಗೆ ಅಲ್ಲ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೆ ಮಲ ಮಾಮೂಲಿಯಾಗಿಯೇ ಕಪ್ಪಗಿರುತ್ತದೆ, ಆದರೆ ಅಂಟು ಮತ್ತು ಕೆಟ್ಟ ವಾಸನೆ ಇರುವುದಿಲ್ಲ.

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸಿಕ್ಲೊಫೆನಾಕ್ ಮುಟ್ಟಬೇಡಿ, ಇವು ಹೊಟ್ಟೆಯಲ್ಲಿ ಹುಣ್ಣು ಮಾಡಿ ಅಲ್ಲಿಂದಲೇ ರಕ್ತ ಹರಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ದಿನಕ್ಕೆ 2 ಗ್ರಾಂ ದಾಟಿ, ಅಂದರೆ 500ರ ನಾಲ್ಕು ಮಾತ್ರೆಗಿಂತ ಜಾಸ್ತಿ, ಹಲವು ದಿನ ತಗೊಂಡರೆ ಐಎನ್‌ಆರ್ ಏರಿಸುತ್ತದೆ. ಸೊಪ್ಪು ಬಿಡಬೇಡಿ, ಹುಷಾರಾದ ಖುಷಿಗೆ ಒಂದೇ ಸಲ ನುಗ್ಗೆಸೊಪ್ಪು, ಪಾಲಕ್ ಅಂತ ರಾಶಿ ತಿನ್ನಲೂಬೇಡಿ. ಯಾವಾಗಲೂ ತಿನ್ನುತ್ತಿದ್ದಷ್ಟು ಸಾಕು.

ಎಲ್ಲದಕ್ಕೂ ಉಲ್ಟಾ: ರಿಫಾಂಪಿಸಿನ್

ಇದೇ ನಾನು ಮೊದಲು ಹೇಳಿದ ಆ ಒಂದು ಔಷಧಿ. ಟಿಬಿಗೆ ಕೊಡುವುದು, ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದಲ್ಲ, ಅದು. ಮಾಮೂಲಿ ಟಿಬಿ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಉಳಿದ ನಾಲ್ಕು ತಿಂಗಳು ಮೂರು. ರಿಫಾಂಪಿಸಿನ್ ಎರಡರಲ್ಲೂ ಇರುತ್ತದೆ.

ಬೇರೆ ಆಂಟಿಬಯಾಟಿಕ್ ಲಿವರ್ ಕಿಣ್ವವನ್ನು ಕಟ್ಟಿಹಾಕಿದರೆ ಇದು ಅದೇ ಕಿಣ್ವವನ್ನು ಲಿವರ್‌ನಿಂದ ಜಾಸ್ತಿ ಜಾಸ್ತಿ ಮಾಡಿಸುತ್ತದೆ. ವಾರ್ಫರಿನ್ ಬಂದ ಹಾಗೆ ಒಡೆದುಹೋಗುತ್ತದೆ, ಐಎನ್‌ಆರ್ ಬೀಳುತ್ತದೆ. ಮೊದಲ ವಾರದಲ್ಲೇ ಶುರುವಾಗಿ ಎರಡು ಮೂರು ವಾರದಲ್ಲಿ ಪೂರ್ತಿ ಜೋರಾಗುತ್ತದೆ. ವಾರ್ಫರಿನ್ ಅನ್ನು ಎರಡು ಪಟ್ಟು, ಕೆಲವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಮಾಡಬೇಕಾಗುತ್ತದೆ. ಈ ಹೊತ್ತಿನಲ್ಲಿ ವಾರಕ್ಕೆ ಒಂದಾದರೂ ಐಎನ್‌ಆರ್ ಬೇಕು, ವಾರ್ಫರಿನ್ ಡೋಸ್ ಒಂದೇ ಮಟ್ಟಕ್ಕೆ ಬಂದ ಮೇಲೆ ಪರೀಕ್ಷೆಗಳನ್ನು ಸ್ವಲ್ಪ ದೂರ ದೂರ ಮಾಡಬಹುದು.

ನನಗೆ ಇದಕ್ಕಿಂತ ಭಯ ಟಿಬಿ ಕೋರ್ಸ್ ಮುಗಿದ ದಿನದ್ದು. 4 ಮಿಲಿಗ್ರಾಂ ಇದ್ದವರು ಈಗ 10 ನುಂಗುತ್ತಿದ್ದಾರೆ ಅಂದುಕೊಳ್ಳಿ. ಟಿಬಿ ವಾಸಿಯಾಯಿತು ಅಂತ ಮನೆಯಲ್ಲಿ ಪಾಯಸ. ರಿಫಾಂಪಿಸಿನ್ ನಿಂತಿತು, 10 ಮಿಲಿಗ್ರಾಂ ಮುಂದುವರಿಯಿತು. ಎರಡರಿಂದ ನಾಲ್ಕು ವಾರದಲ್ಲಿ ಲಿವರ್ ಹಳೇ ವೇಗಕ್ಕೆ ಇಳಿಯುತ್ತದೆ, ಆಗ ಆ 10 ಅಂದರೆ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಟಿಬಿ ಮಾತ್ರೆ ಕೊಡುವವರು ಬೇರೆ, ಹೃದಯದ ಡಾಕ್ಟರ್ ಬೇರೆ, ಇಬ್ಬರಿಗೂ ಇನ್ನೊಬ್ಬರ ತಾರೀಖು ಗೊತ್ತಿರುವುದಿಲ್ಲ. ಕೊನೆಯ ಟಿಬಿ ಮಾತ್ರೆಯ ದಿನವನ್ನು ಐಎನ್‌ಆರ್ ಪುಸ್ತಕದಲ್ಲಿ ಕೆಂಪು ಪೆನ್ನಲ್ಲಿ ಬರೆದು ಹೃದಯದ ಡಾಕ್ಟರಿಗೆ ಮುಂಚೆಯೇ ತೋರಿಸಿ, ಅಲ್ಲಿಂದ ಕನಿಷ್ಠ ಐದಾರು ವಾರ ಪ್ರತಿ ವಾರ ಐಎನ್‌ಆರ್ ಮಾಡಿಸಿ.

ಈಗ ಗರ್ಭನಿರೋಧಕ ಮಾತ್ರೆ

ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್, ಮೆಟ್ರೋನಿಡಜೋಲ್, ಸಿಪ್ರೋಫ್ಲಾಕ್ಸಾಸಿನ್ ಇವು ಯಾವುವೂ ಮಾಲಾ-ಎನ್, ಮಾಲಾ-ಡಿ ಥರದ ಮಾತ್ರೆಯ ಕೆಲಸ ಕೆಡಿಸುವುದಿಲ್ಲ. ಹಾಗಾದರೆ ಈ ಭಯ ಎಲ್ಲಿಂದ ಬಂತು? ಮಾತ್ರೆಯಲ್ಲಿರುವ ಈಸ್ಟ್ರೋಜೆನ್‌ನ ಒಂದು ಭಾಗ ಪಿತ್ತದ ಜೊತೆ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಸಹಾಯದಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ಬ್ಯಾಕ್ಟೀರಿಯಾ ಸತ್ತರೆ ಹಾರ್ಮೋನ್ ಕಡಿಮೆಯಾಗಬಹುದು ಅನ್ನುವ ತರ್ಕ. ಕೇಳಲು ಸರಿಯಾಗಿದೆ, ಆದರೆ ರಕ್ತದಲ್ಲಿ ಅಳೆದು ನೋಡಿದಾಗ ಲೆಕ್ಕಕ್ಕೆ ಬರುವಷ್ಟು ಇಳಿಕೆ ಕಾಣಲಿಲ್ಲ. ಬ್ರಿಟನ್ನಿನಲ್ಲಿ "ಆಂಟಿಬಯಾಟಿಕ್ ಜೊತೆ ಕಾಂಡೋಮ್ ಸೇರಿಸಿ" ಅನ್ನುವ ಹಳೇ ಸಲಹೆಯನ್ನು 2011ರಲ್ಲೇ ಕೈಬಿಟ್ಟರು. ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಭಯ ಬಿದ್ದು ಮಾತ್ರೆಯನ್ನೇ ನಿಲ್ಲಿಸಿಬಿಡುವವರನ್ನೂ ನೋಡಿದ್ದೇನೆ, ನಿಜವಾದ ಅಪಾಯ ಅದೇ.

ವಾಂತಿ, ಭೇದಿ ಆದರೆ ಮಾತ್ರ ಲೆಕ್ಕ ಬೇರೆ. ಮಾತ್ರೆ ನುಂಗಿ ಮೂರು ಗಂಟೆ ಒಳಗೆ ವಾಂತಿಯಾದರೆ ಇನ್ನೊಂದು ನುಂಗಿ, ಅದನ್ನು ಬೇರೆ ಪ್ಯಾಕೆಟ್‌ನಿಂದ ತೆಗೆದರೆ ಈ ಪ್ಯಾಕೆಟ್‌ನ ದಿನಗಳ ಲೆಕ್ಕ ತಪ್ಪುವುದಿಲ್ಲ. ಒಂದು ದಿನಕ್ಕಿಂತ ಜಾಸ್ತಿ ಜೋರು ಭೇದಿ ಅಥವಾ ವಾಂತಿ ಆಗಿದ್ದರೆ ಆ ದಿನಗಳ ಮಾತ್ರೆ ನುಂಗಿಯೇ ಇಲ್ಲ ಅಂತ ತಿಳಿಯಿರಿ. ಮಾತ್ರೆ ಮುಂದುವರಿಸಿ, ಹುಷಾರಾದ ಮೇಲೆ ಏಳು ದಿನ ಸತತವಾಗಿ ನುಂಗುವವರೆಗೆ ಕಾಂಡೋಮ್ ಬಳಸಿ. ಮಾಲಾ ಪ್ಯಾಕೆಟ್‌ನಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣದ ಮಾತ್ರೆ. ಆ ಏಳು ದಿನ ಮುಗಿಯುವ ಮೊದಲೇ ಹಾರ್ಮೋನ್ ಮಾತ್ರೆ ಖಾಲಿಯಾದರೆ ಕಬ್ಬಿಣದ ಮಾತ್ರೆಗೆ ಹೋಗದೆ ಮಾರನೇ ದಿನವೇ ಹೊಸ ಪ್ಯಾಕೆಟ್ ಶುರುಮಾಡಿ. ಆ ತಿಂಗಳು ಮುಟ್ಟು ಬರದೇ ಇರಬಹುದು, ಗಾಬರಿ ಬೇಡ.

ರಿಫಾಂಪಿಸಿನ್ ಇಲ್ಲೂ ವಿಲನ್. ಟಿಬಿ ಮಾತ್ರೆ ತಗೊಳ್ಳುತ್ತಿದ್ದ ಮಹಿಳೆಯರಿಗೆ ಪ್ಯಾಕೆಟ್ ನಡುವೆಯೇ ರಕ್ತ ಕಾಣಿಸಿಕೊಳ್ಳುತ್ತಿದೆ ಅಂತ ಜರ್ಮನಿಯ ವೈದ್ಯರು 1971ರಲ್ಲೇ ಬರೆದಿದ್ದರು. ಹಾರ್ಮೋನ್ ಸಾಲುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಆದರೆ ರಕ್ತ ಕಾಣಲಿಲ್ಲ ಅಂತ ಧೈರ್ಯ ಮಾಡುವ ಹಾಗಿಲ್ಲ. ವಾರ್ಫರಿನ್‌ಗೆ ಐಎನ್‌ಆರ್ ಇದ್ದ ಹಾಗೆ ಈ ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಯಾವ ರಕ್ತ ಪರೀಕ್ಷೆಯೂ ಇಲ್ಲ, ಅದಕ್ಕೇ ವಿಧಾನವನ್ನೇ ಬದಲಾಯಿಸಬೇಕು. ಕಾಪರ್-ಟಿಗೆ ರಿಫಾಂಪಿಸಿನ್ ಏನೂ ಮಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಇಂಜೆಕ್ಷನ್ ಕೂಡ ನಡೆಯುತ್ತದೆ. ತೋಳಿನಲ್ಲಿ ಹಾಕುವ ಇಂಪ್ಲಾಂಟ್ ನಡೆಯುವುದಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆಯೂ ಮಾಮೂಲಿ ಡೋಸ್‌ನಲ್ಲಿ ಸಾಲುವುದಿಲ್ಲ. ಸಂಭೋಗವಾದ ಐದು ದಿನದ ಒಳಗೆ ಕಾಪರ್-ಟಿ ಹಾಕಿಸುವುದು ಉತ್ತಮ, ಅದು ಆಗದಿದ್ದರೆ ಡಾಕ್ಟರನ್ನು ಕೇಳಿ ತುರ್ತು ಮಾತ್ರೆಯಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಎರಡರಷ್ಟು, ಅಂದರೆ 3 ಮಿಲಿಗ್ರಾಂ. ಮೂರು ವಾರ ಬಿಟ್ಟು ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.

ವಾರ್ಫರಿನ್ ತಗೊಳ್ಳುವ ಹೆಣ್ಣುಮಕ್ಕಳು, ಅದರಲ್ಲೂ ಚಿಕ್ಕ ವಯಸ್ಸಿಗೇ ವಾಲ್ವ್ ಹಾಕಿಸಿಕೊಂಡವರು, ಎರಡೂ ಲೆಕ್ಕ ಒಟ್ಟಿಗೆ ನೋಡಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ ವಾರ್ಫರಿನ್ ಮಗುವಿಗೆ ಹಾನಿ ಮಾಡಬಹುದು, ಹಾಗಾಗಿ ಗೊತ್ತಿಲ್ಲದೆ ಗರ್ಭ ನಿಲ್ಲಬಾರದು. ಈಸ್ಟ್ರೋಜೆನ್ ಇರುವ ಮಾಲಾ ಥರದ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ಜಾಸ್ತಿ ಮಾಡುತ್ತದೆ, ಹಾಗಾಗಿ ಅದನ್ನು ನಮ್ಮಂಥ ಅಂಗಡಿಯಿಂದ ನೀವೇ ತಗೊಂಡು ಶುರುಮಾಡಬೇಡಿ, ಹೃದಯದ ಡಾಕ್ಟರ್ ಮತ್ತು ಹೆರಿಗೆ ಡಾಕ್ಟರ್ ಇಬ್ಬರನ್ನೂ ಕೇಳಿ ಬೇರೆ ವಿಧಾನ ಆರಿಸಿಕೊಳ್ಳಿ. ಗರ್ಭ ನಿಂತಿದೆ ಅನ್ನಿಸಿದರೆ ಅವತ್ತೇ ಡಾಕ್ಟರಿಗೆ ಹೇಳಿ, ವಾರ್ಫರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಟಿಬಿ ಕೋರ್ಸ್ ಮುಗಿದ ಮಾರನೇ ದಿನವೇ ಮಾಲಾ-ಡಿ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕ್ಯಾಲೆಂಡರ್ ತೋರಿಸುತ್ತೇನೆ. ಲಿವರ್‌ಗೆ ಇನ್ನೂ ರಿಫಾಂಪಿಸಿನ್ ನೆನಪು ಇರುತ್ತದೆ. ಕೊನೆಯ ಟಿಬಿ ಮಾತ್ರೆ ನುಂಗಿದ ಮಾರನೇ ದಿನದಿಂದ 28 ದಿನ ಎಣಿಸಿ ಅಲ್ಲೊಂದು ಗುರುತು ಹಾಕುತ್ತೇನೆ. ಅಲ್ಲಿಯವರೆಗೆ ಮಾತ್ರೆಯನ್ನು ನಂಬುವ ಹಾಗಿಲ್ಲ. ಕಾಪರ್-ಟಿ ಇದ್ದರೆ ತೆಗೆಸಬೇಡಿ, ಇಲ್ಲದಿದ್ದರೆ ಕಾಂಡೋಮ್ ನಡೆಯಲಿ.